ರೂಮ್ ಸರ್ವಿಸ್: ಫೋನ್ ಎತ್ತಿದಾಗಿನಿಂದ ಟ್ರೇ ಇಡುವವರೆಗೆ

ಬಳ್ಳಾರಿಯ ನಮ್ಮ ಹೋಟೆಲಿನ ಎಲ್ಲ ಶಿಫ್ಟಿನವರಿಗೆ

ಮೂರನೇ ರಿಂಗಿನೊಳಗೆ ಫೋನ್ ಎತ್ತಿ. ಪೆನ್ನು, ಆರ್ಡರ್ ಪ್ಯಾಡ್ ಕೈಯಲ್ಲೇ ಇರಲಿ.

"ನಮಸ್ಕಾರ, ರೂಮ್ ಸರ್ವಿಸ್. ಏನು ಕಳಿಸಲಿ ಸರ್?"
"ಎರಡು ರೊಟ್ಟಿ ಊಟ, ಒಂದು ಮೊಸರನ್ನ."
"ಖಾರ ಕಡಿಮೆ ಮಾಡಿಸಲಾ ಸರ್? ಈರುಳ್ಳಿ, ಬೆಳ್ಳುಳ್ಳಿ ಹಾಕಬಹುದಾ? ಎಷ್ಟು ಜನಕ್ಕೆ ತಟ್ಟೆ ಇಡಲಿ?"
"ಖಾರ ಇರಲಿ, ಎಲ್ಲಾ ಹಾಕಿ. ಮೂರು ಜನ."
"ರೂಮ್ 214, ಎರಡು ರೊಟ್ಟಿ ಊಟ, ಒಂದು ಮೊಸರನ್ನ, ಮೂರು ತಟ್ಟೆ. ಮೂವತ್ತು ನಿಮಿಷದಲ್ಲಿ ಬರುತ್ತೆ ಸರ್."

ಹೀಗೆ ಆರ್ಡರನ್ನು ಒಮ್ಮೆ ತಿರುಗಿ ಹೇಳಲೇಬೇಕು. ಅಲರ್ಜಿ ಇದೆ ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ಅಂದರೆ ಕೆಒಟಿ ಮೇಲೆ ದೊಡ್ಡದಾಗಿ ಬರೆದು, ಅಡುಗೆಯವರಿಗೆ ಬಾಯಲ್ಲೂ ಹೇಳಿ.

ನಮ್ಮ ಲೆಕ್ಕ ಇದು: ಚಹಾ, ಕಾಫಿ 10 ನಿಮಿಷ, ತಿಂಡಿ 20, ಊಟ 30. ಗಡಿಯಾರ ಶುರುವಾಗುವುದು ಅತಿಥಿ ಫೋನ್ ಇಟ್ಟಾಗ, ಕೆಒಟಿ ಅಡುಗೆಮನೆಗೆ ಮುಟ್ಟಿದಾಗ ಅಲ್ಲ. ತೋರಣಗಲ್ಲಿನ ಕೆಲಸ ಮುಗಿಸಿ ಬಂದವರು ಹಸಿದಿರುತ್ತಾರೆ. ಅವರಿಗೆ ಕೊಟ್ಟ ಮಾತು ಅದು.

ಈ ಆರ್ಡರ್ ರಾತ್ರಿ 8:10ಕ್ಕೆ ಬಂತು ಅಂದುಕೊಳ್ಳಿ. 8:12ಕ್ಕೆ ಕೆಒಟಿ ಒಳಗೆ ಹೋಗಬೇಕು. ರೂಮ್ ನಂಬರ್, ಸಮಯ, ಎಷ್ಟು ಜನ, ಮೂರೂ ಅದರಲ್ಲಿರಲಿ. ಅಡುಗೆ ಆಗುವವರೆಗೆ ಸುಮ್ನೆ ನಿಲ್ಲಬೇಡಿ, 8:15ಕ್ಕೆ ಟ್ರೇ ಹಿಡಿಯಿರಿ.

ಮೊದಲು ಟ್ರೇ ಬಟ್ಟೆ, ಇಲ್ಲದಿದ್ದರೆ ಬಟ್ಟಲು ಜಾರುತ್ತವೆ. ಮೂರು ತಟ್ಟೆ, ನ್ಯಾಪ್ಕಿನ್ನಿನಲ್ಲಿ ಸುತ್ತಿದ ಚಮಚ, ಉಪ್ಪು, ಉಪ್ಪಿನಕಾಯಿ, ಟಿಶ್ಯೂ. ಭಾರದ್ದು ಮತ್ತು ಬಿಸಿಯದ್ದು ನಡುವೆ, ಹಗುರದ್ದು ಅಂಚಿಗೆ. ಎಣ್ಣೆಗಾಯಿ, ಬೇಳೆಯ ಬಟ್ಟಲು ಮುಕ್ಕಾಲಷ್ಟೇ ತುಂಬಿ, ಮುಚ್ಚಳ ಹಾಕಿ. ಮೊಸರನ್ನ ಬಿಸಿ ಬಟ್ಟಲಿಗೆ ತಾಗಬಾರದು. ನಮ್ಮೂರಿನ ಬೇಸಿಗೆಯಲ್ಲಂತೂ ಮೊಸರು, ತಣ್ಣೀರು ಕೊನೆಗೇ ಫ್ರಿಜ್ಜಿನಿಂದ ಹೊರಗೆ ಬರಲಿ. ಚಹಾ ಕೆಟಲ್ ಇದ್ದರೆ ಮೂತಿ ನಿಮ್ಮ ಕಡೆ ಬೇಡ.

ರೊಟ್ಟಿ ವಿಷಯ ಜಾಸ್ತಿ ಗಮನ ಕೊಡಿ. ಮೆತ್ತನೆ ಜೋಳದ ರೊಟ್ಟಿಯನ್ನು ಫಾಯಿಲಿನಲ್ಲಿ ಬಿಗಿಯಾಗಿ ಕಟ್ಟಿದರೆ ಆವಿಗೆ ಬೆವತು ಅಂಟಿಕೊಳ್ಳುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಒಲೆಯಿಂದ ಕೊನೆಗೆ ಇಳಿಯುವುದು ರೊಟ್ಟಿಯೇ ಆಗಿರಬೇಕು. ಅದರ ಜೊತೆ ಶೇಂಗಾ ಚಟ್ನಿ, ಹಸಿ ಈರುಳ್ಳಿ ಮರೆತರೆ ಊಟ ಅರ್ಧ ಆದಂತೆ, ಅಲ್ವಾ?

8:33ಕ್ಕೆ ಕೆಒಟಿ ಹಿಡಿದು ಒಂದೊಂದೇ ಐಟಂ ನೋಡಿ. ಚಮಚ ತರಲು ವಾಪಸ್ ಬಂದರೆ ಐದು ನಿಮಿಷ ಹೋಗುತ್ತದೆ, ರೊಟ್ಟಿಯೂ ಆರುತ್ತದೆ. ಬಿಲ್, ಪೆನ್ನು ಜೇಬಿನಲ್ಲಿ. 8:35ಕ್ಕೆ ಸರ್ವಿಸ್ ಲಿಫ್ಟ್.

ತಡ ಆಗುವ ಹಾಗಿದ್ದರೆ ಅತಿಥಿ ಕೇಳುವ ಮೊದಲೇ ನೀವೇ ಫೋನ್ ಮಾಡಿ: "ಸರ್, ಇನ್ನೂ ಎಂಟು ನಿಮಿಷ ಬೇಕು, ಕ್ಷಮಿಸಿ."

ಬಾಗಿಲ ಮುಂದೆ ರೂಮ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಬಾಗಿಲು ತಟ್ಟಿ "ರೂಮ್ ಸರ್ವಿಸ್" ಅನ್ನಿ, ತೆರೆಯುವವರೆಗೆ ಕಾಯಿರಿ. "ಒಳಗೆ ಬರಬಹುದಾ? ಎಲ್ಲಿ ಇಡಲಿ?" ಎಂದು ಕೇಳಿ. ಬಾಗಿಲಲ್ಲೇ ಇಸಿದುಕೊಂಡರೆ ಒಳಗೆ ಹೋಗಬೇಡಿ. ಮುಚ್ಚಳ ತೆಗೆಯಲಾ ಎಂದು ಕೇಳಿ, ಬಿಲ್ಲಿಗೆ ಸಹಿ ಪಡೆಯಿರಿ.

"ಊಟ ಆದ ಮೇಲೆ ಫೋನ್ ಮಾಡಿ ಸರ್, ಟ್ರೇ ತೆಗೆದುಕೊಂಡು ಹೋಗುತ್ತೇವೆ." ಕೆಳಗೆ ಬಂದ ಕೂಡಲೇ ಟ್ರೇ ಮುಟ್ಟಿದ ಸಮಯವನ್ನು ರಿಜಿಸ್ಟರಿನಲ್ಲಿ ಬರೆಯಿರಿ. 8:40 ದಾಟಿದ್ದರೆ ಯಾಕೆ ಅಂತಲೂ ಬರೆಯಿರಿ.