ಬಸ್ಸಿನ ಫಲಕ, ಬಿಲ್ಲು, ಲೇಬಲ್ಲು: ದುಡಿಯುವ ಮಹಿಳೆಯರ ಸಂಜೆ ತರಗತಿಗೆ ಆರು ವಾರಗಳ ಪಾಠ ಯೋಜನೆ

ಸ್ಥಳ: ಸಮುದಾಯ ಭವನ, ಕೌಲ್ ಬಜಾರ್, ಬಳ್ಳಾರಿ
ಕಲಿಯುವವರು: 18 ಮಂದಿ ಮಹಿಳೆಯರು
ಸಮಯ: ಸೋಮವಾರ, ಬುಧವಾರ, ಶುಕ್ರವಾರ ಸಂಜೆ 7.30ರಿಂದ 8.45ರವರೆಗೆ
ಬೋಧಕಿಯರು: ಇಬ್ಬರು

ಗುಂಪಿನ ಪರಿಚಯ

ಈ ಗುಂಪಿನ ಹೆಚ್ಚಿನವರು ಜೀನ್ಸ್ ಹೊಲಿಗೆ ಘಟಕಗಳಲ್ಲಿ ದಾರ ಕತ್ತರಿಸುವ, ಗುಂಡಿ ಹಾಕುವ, ಮಡಚಿ ಕಟ್ಟುವ ಕೆಲಸದಲ್ಲಿದ್ದಾರೆ. ನಾಲ್ವರು ಮನೆಗೆಲಸಕ್ಕೆ ಹೋಗುತ್ತಾರೆ. ಮೂವರು ಹಂಗಾಮಿನಲ್ಲಿ ಕುರುಗೋಡು, ಸಿರುಗುಪ್ಪದ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿ, ಉಳಿದ ತಿಂಗಳು ಊರಲ್ಲೇ ಕೂಲಿ ಮಾಡುತ್ತಾರೆ. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು. ಮಾತನಾಡುವ ಕನ್ನಡ ಎಲ್ಲರಿಗೂ ಬರುತ್ತದೆ. ಐವರು ಚಿಕ್ಕಂದಿನಲ್ಲಿ ಎರಡನೆಯ ಅಥವಾ ಮೂರನೆಯ ತರಗತಿವರೆಗೆ ಶಾಲೆಗೆ ಹೋಗಿದ್ದು, ಅವರಲ್ಲಿ ಇಬ್ಬರು ಕಲಿತದ್ದು ತೆಲುಗಿನಲ್ಲಿ. ತೆಲುಗು ಅಕ್ಷರಗಳ ಪರಿಚಯವಿರುವವರು ಕನ್ನಡದ ದುಂಡನೆಯ ಅಕ್ಷರಗಳನ್ನು ಬೇಗ ಹಿಡಿಯುತ್ತಾರೆ. ಅವರಿಗೆ ತಲಕಟ್ಟಿನ ವ್ಯತ್ಯಾಸವನ್ನು ಮಾತ್ರ ಬಿಡಿಸಿ ತೋರಿಸಿದರೆ ಸಾಕು.

ಇವರಲ್ಲಿ ಯಾರೂ ಏನೂ ಓದದವರಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಸ್ಸನ್ನು ಅದು ನಿಲ್ಲುವ ಜಾಗದಿಂದ, ಹಾಲಿನ ಪೊಟ್ಟಣವನ್ನು ಬಣ್ಣದಿಂದ, ಮಾತ್ರೆಯನ್ನು ಗಾತ್ರದಿಂದ, ಕರೆಂಟ್ ಬಿಲ್ಲನ್ನು ಕಾಗದದ ಉದ್ದದಿಂದ ಇವರು ದಿನವೂ ಗುರುತಿಸುತ್ತಿದ್ದಾರೆ. ಗುರುತು ಹಿಡಿಯುವುದಕ್ಕೂ ತಾಳೆ ನೋಡುವುದಕ್ಕೂ ನಡುವೆ ಇರುವ ದೂರವನ್ನು ದಾಟಿಸುವುದೇ ಈ ಆರು ವಾರಗಳ ಗುರಿ. ವರ್ಣಮಾಲೆಯ ಪಟವನ್ನು ಗೋಡೆಗೆ ಹಾಕಿರಿ, ಆದರೆ ಅ-ಆ-ಇ-ಈ ಕ್ರಮದಿಂದ ಆರಂಭಿಸಬೇಡಿ. ದಿನವಿಡೀ ದುಡಿದು ಬಂದವರಿಗೆ ಮೊದಲ ಸಂಜೆಯೇ ನಾಳೆ ಬೆಳಿಗ್ಗೆ ಬಳಕೆಗೆ ಬರುವ ಒಂದು ಪದ ದಕ್ಕಬೇಕು.

ನಡವಳಿಕೆಯ ಬಗ್ಗೆ ಎರಡು ಮಾತು. ವಯಸ್ಸಿನಲ್ಲಿ ಚಿಕ್ಕವರಾದರೂ ಎಲ್ಲರನ್ನೂ 'ಅಕ್ಕ' ಎಂದು, ಬಹುವಚನದಲ್ಲೇ ಮಾತನಾಡಿಸಬೇಕು. ಹಿರಿಯರಿಗೆ 'ಅಮ್ಮ' ಎನ್ನಬಹುದು. ಓದಲು ಯಾರನ್ನೂ ಒಬ್ಬಂಟಿಯಾಗಿ ಎದ್ದು ನಿಲ್ಲಿಸಬಾರದು. ಇಬ್ಬಿಬ್ಬರು ಜೊತೆಯಾಗಿ ಓದಲಿ.

ಒಂದು ಮತ್ತು ಎರಡನೆಯ ವಾರ: ಬಸ್ಸಿನ ಫಲಕ

ಬೇಕಾದ ಸಾಮಗ್ರಿ: ಬಸ್ಸಿನ ಫಲಕದಷ್ಟೇ ಅಗಲದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಊರಿನ ಹೆಸರುಗಳು, ನಿಲ್ದಾಣದಲ್ಲಿ ಮೊಬೈಲಿನಲ್ಲಿ ತೆಗೆದ ಫಲಕಗಳ ಫೋಟೊಗಳು, ಹಳೆಯ ಟಿಕೆಟುಗಳು.

ಮೊದಲ ತರಗತಿಯನ್ನು ಒಂದು ಪ್ರಶ್ನೆಯಿಂದ ಆರಂಭಿಸಿರಿ: "ಅಕ್ಕಾ, ಬಸ್ಸು ಬಂದ ಕೂಡಲೇ ನಿಮ್ಮೂರಿನ ಬಸ್ಸು ಅಂತ ಹೆಂಗೆ ಗೊತ್ತಾಗ್ತೈತೆ?" ಪ್ರತಿಯೊಬ್ಬರೂ ತಮ್ಮ ಉಪಾಯ ಹೇಳುತ್ತಾರೆ. ಕಂಡಕ್ಟರ್ ಕೂಗುವುದನ್ನು ಕೇಳುವವರು, ಡ್ರೈವರ್ ಮುಖ ನೋಡಿ ಹತ್ತುವವರು, ಮೊದಲ ಅಕ್ಷರ ಮಾತ್ರ ಗುರುತಿಟ್ಟುಕೊಂಡವರು ಎಲ್ಲರೂ ಇರುತ್ತಾರೆ. ಅವೆಲ್ಲವನ್ನೂ ಗೌರವದಿಂದ ಕೇಳಿದ ಮೇಲೆ 'ಕುರುಗೋಡು', 'ಕುಡತಿನಿ' ಎಂಬ ಎರಡು ಫಲಕಗಳನ್ನು ಒಂದರ ಕೆಳಗೊಂದು ಹಿಡಿಯಿರಿ. ಎರಡೂ 'ಕು' ಎಂದೇ ಆರಂಭವಾಗುತ್ತವೆ, ಎರಡೂ ನಾಲ್ಕು ಅಕ್ಷರದವು, ಆದರೆ ಒಂದು ಬಸ್ಸು ಉತ್ತರಕ್ಕೆ ಹೋದರೆ ಇನ್ನೊಂದು ಹೊಸಪೇಟೆ ರಸ್ತೆ ಹಿಡಿಯುತ್ತದೆ. ಮೊದಲ ಅಕ್ಷರ ನೋಡಿ ಹತ್ತುವವರಿಗೆ ಮುಂದಿನ ಅಕ್ಷರವನ್ನೂ ಓದಬೇಕೆಂಬ ಆಸೆ ಇಲ್ಲಿಂದಲೇ ಹುಟ್ಟುತ್ತದೆ.

ಈ ಎರಡು ಹೆಸರುಗಳು ಬೋಧನೆಗೆ ಬಹಳ ಅನುಕೂಲವಾಗಿವೆ. 'ಕುರುಗೋಡು' ಪದದಲ್ಲಿ ಕು, ರು, ಡು ಎಂಬ ಮೂರು ಅಕ್ಷರಗಳಿಗೆ ಕೊಂಬು ಬಂದಿದೆ. ಕೊಂಬನ್ನು ಬೆರಳಿನಿಂದ ಮುಚ್ಚಿ, ತೆಗೆದು, ಕ-ಕು, ರ-ರು, ಡ-ಡು ಎಂದು ಹೇಳಿಸಿದರೆ ಗುಣಿತಾಕ್ಷರದ ತತ್ವ ಬಾಯಿಪಾಠವಿಲ್ಲದೆ ಅರ್ಥವಾಗುತ್ತದೆ. 'ಕುಡತಿನಿ'ಯಲ್ಲಿ ತಿ, ನಿ ಎರಡಕ್ಕೂ ಗುಡಿಸು ಇದೆ. ಎರಡೂ ಹೆಸರುಗಳಿಂದ ಕ, ರ, ಗ, ಡ, ತ, ನ ಎಂಬ ಆರು ವ್ಯಂಜನಗಳು ದೊರೆಯುತ್ತವೆ. ಅವುಗಳನ್ನು ಬಿಡಿ ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ, ಗುಡಿ, ಗಿಡ, ಕುರಿ, ನಗು, ಗಡಿ, ಗುರಿ ಮುಂತಾದ ಪದಗಳನ್ನು ಅವರೇ ಜೋಡಿಸುವಂತೆ ಮಾಡಿರಿ. ಊರಿನ ಹೆಸರಿನೊಳಗಿಂದ ಬೇರೆ ಪದ ಹೊರಬರುವುದನ್ನು ಕಂಡಾಗ ಓದು ತಮ್ಮ ಕೈಯಲ್ಲಿದೆ ಎಂಬ ಧೈರ್ಯ ಬರುತ್ತದೆ. ಆದ್ದರಿಂದ ಈ ಚಟುವಟಿಕೆಗೆ ಅರ್ಧ ಗಂಟೆ ಹಿಡಿದರೂ ಅವಸರಪಡಿಸಬೇಡಿ.

ಮುಂದಿನ ತರಗತಿಗಳಲ್ಲಿ 'ಸಿರುಗುಪ್ಪ' ಮತ್ತು 'ಸಿಂಧನೂರು' ಜೋಡಿ ಬರಲಿ. ಮೊದಲನೆಯದು ಒತ್ತಕ್ಷರವನ್ನು, ಎರಡನೆಯದು ಸೊನ್ನೆಯನ್ನು ಕಲಿಸುತ್ತದೆ. 'ಪ್ಪ' ಬಂದ ಮೇಲೆ ಅಪ್ಪ, ಉಪ್ಪು, ತುಪ್ಪ ಬರೆಸಿರಿ. 'ಬಳ್ಳಾರಿ'ಯ ಳ್ಳ ತೋರಿಸಿದ ಮೇಲೆ ಹಳ್ಳಿ, ಬೆಳ್ಳಿ, ಬೆಳ್ಳುಳ್ಳಿ. ಹೊಸಪೇಟೆ, ಸಂಡೂರು, ಕಂಪ್ಲಿ, ತೋರಣಗಲ್ಲು ಎರಡನೆಯ ವಾರಕ್ಕೆ ಇರಲಿ.

ಫಲಕದಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ಊರು. ನಡುವೆ ಇಳಿಯುವವರಿಗೆ ಬೇಕಾದದ್ದು ಅದರ ಕೆಳಗೆ ಅಥವಾ ಪಕ್ಕದಲ್ಲಿ ಸಣ್ಣದಾಗಿ ಬರೆದಿರುವ ದಾರಿಯ ಊರುಗಳು. ತೆಕ್ಕಲಕೋಟೆಯಲ್ಲಿ ಇಳಿಯುವವರು 'ಸಿರುಗುಪ್ಪ' ಎಂದು ಓದಿ ಹತ್ತಬೇಕು, ತೋರಣಗಲ್ಲಿನಲ್ಲಿ ಇಳಿಯುವವರು 'ಹೊಸಪೇಟೆ' ಎಂದು ಓದಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ರಸ್ತೆ ಬರೆದು, ಊರಿನ ಚೀಟಿಗಳನ್ನು ಸಾಲಾಗಿ ಇಟ್ಟು, ಯಾವ ಫಲಕದ ಬಸ್ಸು ಹತ್ತಬೇಕೆಂದು ಕೇಳಿರಿ. ವಿದ್ಯುತ್ ದೀಪದ ಫಲಕದಲ್ಲಿ ಅಕ್ಷರಗಳು ಓಡುತ್ತವೆ, ಕೆಲವೊಮ್ಮೆ ಕನ್ನಡದ ನಂತರ ಇಂಗ್ಲಿಷ್ ಬರುತ್ತದೆ. ತಪ್ಪಿಹೋದರೆ ಮತ್ತೆ ಕನ್ನಡ ಬರುವವರೆಗೆ ಕಾಯಬೇಕೆಂಬುದನ್ನೂ ಹೇಳಿಕೊಡಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದ್ದು, ಶೂನ್ಯ ಟಿಕೆಟ್ ಕೊಡುತ್ತಾರೆ. ಹಣ ಕೊಡದಿರುವುದರಿಂದ ಬಹಳ ಮಂದಿ ಆ ಟಿಕೆಟ್ ಕಡೆ ನೋಡುವುದೇ ಇಲ್ಲ. ಅದನ್ನು ಎಸೆಯದೆ ತರಗತಿಗೆ ತರಲು ಹೇಳಿರಿ: ಹತ್ತಿದ ಊರು, ಇಳಿಯುವ ಊರು, ದಿನಾಂಕ, ಸಮಯ ಎಲ್ಲವೂ ಒಂದೇ ಸಣ್ಣ ಕಾಗದದಲ್ಲಿ ಸಿಗುತ್ತವೆ. ಎರಡನೆಯ ವಾರದ ಕೊನೆಗೆ ಭಾನುವಾರ ಬೆಳಿಗ್ಗೆ ಇಡೀ ಗುಂಪು ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಗಂಟೆ ನಿಂತು ಬರುವ ಫಲಕಗಳನ್ನು ಓದಬೇಕು. 'ಮಹಿಳೆಯರಿಗೆ ಮೀಸಲು' ಎಂಬ ಬರಹವನ್ನು ಬಸ್ಸಿನೊಳಗೆ ತೋರಿಸುವುದನ್ನು ಮರೆಯಬೇಡಿ.

ಮೂರು ಮತ್ತು ನಾಲ್ಕನೆಯ ವಾರ: ಬಿಲ್ಲು ಮತ್ತು ಲೆಕ್ಕದ ಚೀಟಿ

ಜೆಸ್ಕಾಂ ಕರೆಂಟ್ ಬಿಲ್ಲು ಉದ್ದವಾಗಿದ್ದು, ಅದರ ಎಲ್ಲ ಸಾಲುಗಳನ್ನೂ ಓದಿಸುವ ಅಗತ್ಯವಿಲ್ಲ. ಆರು ಜಾಗಗಳಿಗೆ ಬಣ್ಣದ ಪೆನ್ಸಿಲಿನಿಂದ ಸುತ್ತು ಹಾಕಿಸಿರಿ: ಹೆಸರು, ಹಿಂದಿನ ಮೀಟರ್ ಓದು, ಈಗಿನ ಓದು, ಬಳಸಿದ ಯೂನಿಟ್, ಕಟ್ಟಬೇಕಾದ ಮೊತ್ತ ಮತ್ತು ಅದರ ಕೊನೆಯ ದಿನಾಂಕ. ಈಗಿನ ಓದು 4451, ಹಿಂದಿನದು 4382 ಆಗಿದ್ದರೆ ಬಳಕೆ 69 ಯೂನಿಟ್ ಎಂದು ಕಳೆದು ನೋಡಿಸಿರಿ. ನಂತರ ಮನೆಯ ಮೀಟರಿನಲ್ಲಿ ಇಂದು ಎಷ್ಟು ತೋರಿಸುತ್ತದೆ ಎಂದು ಬರೆದುಕೊಂಡು ಬರಲು ಹೇಳಿರಿ. ಗೃಹಜ್ಯೋತಿಯಲ್ಲಿ ಹೆಸರು ನೋಂದಾಯಿಸಿದ ಮನೆಗೆ ಅದರ ಪಾಲಿಗೆ ನಿಗದಿಯಾದ ಯೂನಿಟ್‌ವರೆಗೆ ಹಣವಿಲ್ಲ, ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬಾಡಿಗೆ ಮನೆಯಲ್ಲಿರುವವರಿಗೆ ಈ ಲೆಕ್ಕ ಗೊತ್ತಿದ್ದರೆ ಮನೆಯ ಮಾಲೀಕರೊಂದಿಗೆ ಮಾತನಾಡುವಾಗ ಬಲ ಬರುತ್ತದೆ. ಈ ಬಿಲ್ಲಿನ ಕಾಗದದ ಮೇಲಿನ ಅಕ್ಷರ ಬಳ್ಳಾರಿಯ ಬಿಸಿಲಿಗೆ ಬೇಗ ಮಾಸಿಹೋಗುವುದರಿಂದ, ಇಟ್ಟುಕೊಳ್ಳಬೇಕಾದ ಬಿಲ್ಲನ್ನು ಜೆರಾಕ್ಸ್ ಮಾಡಿಸಲು ತಿಳಿಸಿರಿ.

ನಾಲ್ಕನೆಯ ವಾರದ ಮುಖ್ಯ ಪಾಠ ಪೀಸ್ ಲೆಕ್ಕದ ಚೀಟಿ. ನನ್ನ ಅಭಿಪ್ರಾಯದಲ್ಲಿ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕಾಗದ ಇದೇ. ಯಾವುದೇ ಘಟಕದ ನಿಜವಾದ ಚೀಟಿಯನ್ನು ತರಗತಿಯಲ್ಲಿ ಬಿಡಿಸಬೇಡಿ. ಕಲಿಯುವವರ ಕೆಲಸಕ್ಕೆ ಅದರಿಂದ ತೊಂದರೆಯಾಗಬಹುದು. ಅಭ್ಯಾಸಕ್ಕಾಗಿ ನಾವೇ ಒಂದು ಚೀಟಿ ಬರೆಯೋಣ: ದಿನಾಂಕ, ಪೀಸು 240, ದರ 1 ರೂಪಾಯಿ 50 ಪೈಸೆ, ಮುಂಗಡ 100 ರೂಪಾಯಿ, ಬಾಕಿ 260 ರೂಪಾಯಿ. 'ದರ', 'ಮುಂಗಡ', 'ಬಾಕಿ', 'ಒಟ್ಟು' ಎಂಬ ನಾಲ್ಕು ಪದಗಳನ್ನು ಓದಲು ಮತ್ತು ಬರೆಯಲು ಬರಬೇಕು. ಬಾಯಿಲೆಕ್ಕದಲ್ಲಿ ಇವರು ನಮಗಿಂತ ಚುರುಕು. ಆದ್ದರಿಂದ ಕೂಡುವುದನ್ನು ಕಲಿಸುವ ಬದಲು, ಬಾಯಲ್ಲಿ ಹೇಳಿದ ಲೆಕ್ಕವನ್ನು ಅಂಕಿಯಲ್ಲಿ ಬರೆದಿಡುವುದನ್ನು ಕಲಿಸಬೇಕು. ಪ್ರತಿಯೊಬ್ಬರಿಗೂ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಅಂದಂದಿನ ಪೀಸಿನ ಲೆಕ್ಕವನ್ನು ಅಂದಂದೇ ತಾವೇ ಬರೆಯುವ ರೂಢಿ ಮಾಡಿಸಿರಿ. ವಾರದ ಕೊನೆಗೆ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಆಗ ಸಾಧ್ಯವಾಗುತ್ತದೆ.

ಕಿರಾಣಿ ಅಂಗಡಿಯ ಚೀಟಿ, ಗ್ಯಾಸ್ ರಸೀದಿ ಇವುಗಳಿಗೆ ಒಂದು ತರಗತಿ ಸಾಕು.

ಐದು ಮತ್ತು ಆರನೆಯ ವಾರ: ಲೇಬಲ್ಲು

ಮಾತ್ರೆಯ ಪಟ್ಟಿಯಿಂದ ಆರಂಭಿಸಿರಿ. ಅದರಲ್ಲಿ ಕನ್ನಡ ಸಿಗುವುದು ಅಪರೂಪವಾದ್ದರಿಂದ, ಇಎಕ್ಸ್‌ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ದೊಡ್ಡದಾಗಿ ಬರೆದು ರೂಪ ಗುರುತಿಸುವುದನ್ನು ಕಲಿಸಬೇಕು. ಅದರ ಪಕ್ಕದಲ್ಲಿ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದರ್ಥ. ಎಡಬದಿಯಲ್ಲಿ ಕೆಂಪು ಗೆರೆ ಇರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗಬಾರದು. ಇಲ್ಲಿ ಒಂದು ಸಣ್ಣ ವಿಷಯವನ್ನು ಕೈಯಲ್ಲೇ ಮಾಡಿ ತೋರಿಸಿರಿ: ಪಟ್ಟಿಯನ್ನು ಕತ್ತರಿಸುವಾಗ ದಿನಾಂಕವಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ದಿನಾಂಕ ಅವರ ಬಳಿಯೇ ಉಳಿದಿರಬಹುದು. ಆಗ ಕೇಳಿ ನೋಡಿಕೊಳ್ಳಬೇಕು. ಬೆಲೆಯೂ ಹಾಗೆಯೇ. ಹತ್ತು ಮಾತ್ರೆಯ ಪಟ್ಟಿಗೆ 30 ರೂಪಾಯಿ ಎಂದಿದ್ದರೆ ನಾಲ್ಕಕ್ಕೆ 12 ರೂಪಾಯಿ.

ಮೆಣಸಿನಕಾಯಿ ಹೊಲಕ್ಕೆ ಹೋಗುವವರಿರುವುದರಿಂದ ಕೀಟನಾಶಕದ ಡಬ್ಬಿಯ ಮೇಲಿನ ಗುರುತನ್ನು ಬಿಡುವಂತಿಲ್ಲ. ವಜ್ರಾಕಾರದ ಚೌಕದ ಕೆಳಭಾಗದಲ್ಲಿ ಕೆಂಪು ಇದ್ದರೆ ಅತಿ ಹೆಚ್ಚು ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ತಿನ್ನುವ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಆದರೆ ಕೀಟನಾಶಕದ ಡಬ್ಬಿಯ ಹಸಿರು ಎಂದರೂ ಅದು ವಿಷವೇ. ಎರಡೂ ಗುರುತುಗಳ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು, ಇದನ್ನು ಎಲ್ಲರೂ ತಮ್ಮ ಮಾತಿನಲ್ಲಿ ಹೇಳುವವರೆಗೆ ಮುಂದೆ ಹೋಗಬೇಡಿ. ಖಾಲಿ ವಿಷದ ಡಬ್ಬಿಯನ್ನು ಎಂದಿಗೂ ತರಗತಿಗೆ ತರಬಾರದು, ಫೋಟೊ ಸಾಕು. ಮನೆಯಲ್ಲಿ ಅಂತಹ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡುವ ರೂಢಿ ಇದ್ದರೆ ಆ ಮಾತನ್ನೂ ಅಂದೇ ಎತ್ತಿರಿ.

ಅಡುಗೆ ಎಣ್ಣೆಯ ಎರಡು ಪೊಟ್ಟಣಗಳನ್ನು ಕೊಟ್ಟು ಪರಿಮಾಣ ಮತ್ತು ಬೆಲೆಯನ್ನು ಹುಡುಕಿಸಿರಿ. ನೋಡಲು ಒಂದೇ ಗಾತ್ರದ ಪೊಟ್ಟಣಗಳಲ್ಲಿ ಒಂದು ಲೀಟರ್ ಯಾವುದು, ಅದಕ್ಕಿಂತ ಕಡಿಮೆ ಯಾವುದು ಎಂದು ಕಂಡುಹಿಡಿಯುವುದು ಇದರ ಉದ್ದೇಶ.

ಮೌಲ್ಯಮಾಪನ

ಪರೀಕ್ಷೆ ಇಲ್ಲ. ಆರನೆಯ ವಾರದ ಶುಕ್ರವಾರ ಪ್ರತಿಯೊಬ್ಬರೂ ತಾವೇ ತಂದ ಒಂದು ಕಾಗದ ಅಥವಾ ಪೊಟ್ಟಣವನ್ನು ಜೊತೆಯವರಿಗೆ ಓದಿ ತಿಳಿಸಲಿ. ಬಿಲ್ಲಿನ ಮೇಲಿನ ಹೆಸರು, ಖಾತೆ ಸಂಖ್ಯೆ ಬೇರೆಯವರಿಗೆ ಕಾಣದಂತೆ ಕಾಗದ ಅಂಟಿಸಲು ಮೊದಲೇ ಹೇಳಿರಿ. ಬೋಧಕಿಯರು ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ವಿಷಯ ಬರೆಯಬೇಕು: ಯಾವ ಫಲಕಗಳನ್ನು ಕಂಡ ಕೂಡಲೇ ಓದುತ್ತಾರೆ, ಪೀಸಿನ ಲೆಕ್ಕವನ್ನು ತಾವೇ ಬರೆಯುತ್ತಾರೆಯೇ, ಇನ್ನೂ ಯಾವ ಅಕ್ಷರಗಳಲ್ಲಿ ತಡವರಿಸುತ್ತಾರೆ. ರಾತ್ರಿ ಪಾಳಿಯಿಂದಾಗಿ ಎರಡಕ್ಕಿಂತ ಹೆಚ್ಚು ತರಗತಿ ತಪ್ಪಿಸಿಕೊಂಡವರ ಪಟ್ಟಿ ಪ್ರತ್ಯೇಕವಾಗಿರಲಿ. ಅವರಿಗಾಗಿ ಭಾನುವಾರ ಮಧ್ಯಾಹ್ನ 3ರಿಂದ 4ರವರೆಗೆ ಅದೇ ಪಾಠವನ್ನು ಮತ್ತೊಮ್ಮೆ ನಡೆಸಲಾಗುವುದು, ಮಕ್ಕಳನ್ನೂ ಜೊತೆಗೆ ಕರೆತರಬಹುದು.