ಪ್ರಶ್ನೆ 3ರ ಉತ್ತರ: ಸುಭಿಕ್ಷಾ ಅಂಗಡಿಗಳ ಬಿಕ್ಕಟ್ಟು, 7ಎಸ್ ಚೌಕಟ್ಟಿನಲ್ಲಿ

ಸುಭಿಕ್ಷಾ ಏಕೆ ಬಿದ್ದಿತು, ಉಳಿಸಲು ಏನು ಮಾಡಬೇಕಿತ್ತು, ಒಂದು ಚೌಕಟ್ಟು ಆರಿಸಿ ಹೇಳಿ ಎಂಬುದು ಪ್ರಶ್ನೆ. 1997ರಲ್ಲಿ ಚೆನ್ನೈಯಲ್ಲಿ ಶುರುವಾದ ಸುಭಿಕ್ಷಾ ಎಂಬ ಸರಪಣಿ ಅಂಗಡಿ ದಿನಸಿ, ತರಕಾರಿ, ಔಷಧಿ, ಮೊಬೈಲ್ ಎಲ್ಲವನ್ನೂ ಎಂಆರ್‌ಪಿಗಿಂತ ಕಡಿಮೆಗೆ ಮಾರುತ್ತಿತ್ತು. ಎಸಿ ಇಲ್ಲದ ಸಣ್ಣ ಅಂಗಡಿ, ಮನೆ ಹತ್ತಿರ, ಕಡಿಮೆ ಬೆಲೆ. ತಮಿಳುನಾಡಿನ ಸುಮಾರು 150 ಅಂಗಡಿಗಳಿಂದ 2008ರ ಹೊತ್ತಿಗೆ ದೇಶದಾದ್ಯಂತ ಸುಮಾರು 1,600ಕ್ಕೆ ಬೆಳೆಯಿತು. 2009ರ ಶುರುವಿನಲ್ಲಿ ಬಾಗಿಲು ಹಾಕಿತು. ಬ್ಯಾಂಕ್ ಸಾಲ ಸುಮಾರು 750 ಕೋಟಿ ರೂಪಾಯಿ. 2008ರ ಕೊನೆಯಲ್ಲಿ ನನ್ನನ್ನು ಸಲಹೆಗೆ ಕರೆದಿದ್ದರು ಎಂದುಕೊಂಡು ಉತ್ತರಿಸುತ್ತೇನೆ.

ಚೌಕಟ್ಟಿನ ಆಯ್ಕೆ: ಹೊರಗಿನ ಪೈಪೋಟಿಯನ್ನು ಅಳೆಯುವ ಪೋರ್ಟರ್ ಅವರ ಐದು ಶಕ್ತಿಗಳ ಚೌಕಟ್ಟನ್ನು ಬಳಸಬಹುದಿತ್ತು. ಆದರೆ ಗಿರಾಕಿ ಕಡಿಮೆ ಬೆಲೆಯನ್ನು ಬೇಡ ಎಂದಿರಲಿಲ್ಲ. ತೊಂದರೆ ಇದ್ದದ್ದು ಒಳಗೆ. ಒಳಗಿನ ಏಳು ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಸಲಹಾ ಸಂಸ್ಥೆ ಮೆಕಿನ್ಸಿಯ 7ಎಸ್. ಅದಕ್ಕೇ ಅದನ್ನು ತೆಗೆದುಕೊಂಡಿದ್ದೇನೆ.

1. ತಂತ್ರ. ಕಡಿಮೆ ಬೆಲೆ ಸರಿಯಾದ ತಂತ್ರವೇ. ವೇಗ ತಪ್ಪು, ಅದಕ್ಕಿಂತ ಹೆಚ್ಚಾಗಿ ಆ ವೇಗಕ್ಕೆ ಸಾಲದ ದುಡ್ಡು ಬಳಸಿದ್ದು ತಪ್ಪು. ಇದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಅಂಕಿಗಳು ನನ್ನ ಊಹೆ.

ಒಂದು ಅಂಗಡಿಯ ದಿನದ ವ್ಯಾಪಾರ 40,000 ರೂ., ಅದರಲ್ಲಿ ಮಾಲಿನ ಬೆಲೆ ಕಳೆದು ಉಳಿಯುವ ಮಾರ್ಜಿನ್ ಶೇ. 12 ಎಂದುಕೊಳ್ಳೋಣ. ತಿಂಗಳಿಗೆ 1,44,000 ರೂ. ಸಿಗುತ್ತದೆ. ಬಾಡಿಗೆ 50,000, ಆರು ಜನರ ಸಂಬಳ 42,000, ಕರೆಂಟು ಮತ್ತು ಸಾಗಾಣಿಕೆ 20,000. ಉಳಿಯುವುದು 32,000 ರೂ. 1,600 ಅಂಗಡಿಗೆ 5.12 ಕೋಟಿ. ಆದರೆ 750 ಕೋಟಿಗೆ ಶೇ. 12ರಂತೆ ತಿಂಗಳ ಬಡ್ಡಿಯೇ 7.5 ಕೋಟಿ! ಅಂದರೆ ವ್ಯಾಪಾರ ಚೆನ್ನಾಗಿ ನಡೆದಾಗಲೂ ಬಡ್ಡಿ ಹುಟ್ಟುವುದಿಲ್ಲ. ಹೊಸ ಸಾಲ ಸಿಗುವವರೆಗೆ ಮಾತ್ರ ಗಾಡಿ ಓಡುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದ ಮೇಲೆ ಸಾಲ ಹುಟ್ಟುವುದು ಎಲ್ಲರಿಗೂ ಕಷ್ಟವಾಯಿತು.

2. ವ್ಯವಸ್ಥೆ. ಅಂದರೆ ಮಾಲು ತರಿಸುವ, ಅದಕ್ಕೆ ದುಡ್ಡು ಕೊಡುವ ಕ್ರಮ. ನನ್ನ ಪ್ರಕಾರ ಅಂಗಡಿ ಸಾಯುವುದು ಇಲ್ಲಿ. ನಮ್ಮ ಮನೆಯವರದು ಹಾಸನದಲ್ಲಿ ದಿನಸಿ ಅಂಗಡಿ. ಒಂದು ಸಲ ಅಪ್ಪ ಎರಡು ಬಿಲ್ ಬಾಕಿ ಉಳಿಸಿಕೊಂಡಿದ್ದರು. ಸೋಪಿನ ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ವ್ಯಾನಿನಿಂದ ಇಳಿದು, ಬಿಲ್ ಪುಸ್ತಕ ತೆರೆದು, "ಅಣ್ಣ, ಹಳೇದು ಕ್ಲಿಯರ್ ಮಾಡಿ, ಆಮೇಲೆ ಮಾಲು ಇಳಿಸ್ತೀನಿ" ಎಂದು ಹಾಗೇ ಹೊರಟುಹೋದ. ವಾರದಲ್ಲಿ ಆ ಒಂದು ಸಾಲು ಖಾಲಿ. ಸೋಪು ಇಲ್ಲ ಅಂದವರು ಬೇಳೆಯನ್ನೂ ಪಕ್ಕದ ಅಂಗಡಿಯಲ್ಲೇ ತಗೊಂಡರು.

ಸರಪಣಿ ಅಂಗಡಿಯಲ್ಲೂ ಆಗುವುದು ಇದೇ. ಮೇಲಿನ ಲೆಕ್ಕದಲ್ಲಿ ರ‍್ಯಾಕ್ ಖಾಲಿಯಾಗಿ ವ್ಯಾಪಾರ ಶೇ. 30 ಬಿದ್ದರೆ ಬರುವುದು 1,00,800 ರೂ. ಖರ್ಚು ಹಾಗೇ 1,12,000. ಪ್ರತಿ ಅಂಗಡಿಗೂ 11,200 ರೂ. ನಷ್ಟ. ಬಡ್ಡಿ ಇನ್ನೂ ಸೇರಿಲ್ಲ. ನಷ್ಟ ಬಂದರೆ ಡಿಸ್ಟ್ರಿಬ್ಯೂಟರ್‌ಗೆ ಕೊಡಲು ದುಡ್ಡಿಲ್ಲ, ದುಡ್ಡಿಲ್ಲದಿದ್ದರೆ ಮಾಲಿಲ್ಲ. ದಿನ ಕಳೆದಂತೆ ಕುಣಿಕೆ ಬಿಗಿಯಾಗುತ್ತದೆ.

3. ಸಿಬ್ಬಂದಿ ಮತ್ತು ಕೌಶಲ್ಯ. ಇವೆರಡನ್ನೂ ಒಟ್ಟಿಗೆ ನೋಡುತ್ತೇನೆ. ಸಾವಿರಕ್ಕೂ ಜಾಸ್ತಿ ಹೊಸ ಅಂಗಡಿ ಅಂದರೆ ಅಷ್ಟೇ ಹೊಸ ಮ್ಯಾನೇಜರ್‌ಗಳು. ತರಕಾರಿ ಕೊಳೆಯುವ ಮುನ್ನ ಬೆಲೆ ಇಳಿಸುವುದು ಒಂದು ವಾರದ ತರಬೇತಿಯಲ್ಲಿ ಬರುವುದಿಲ್ಲ. ಕೊನೆಗೆ ಸಂಬಳವೂ ನಿಂತಿತು. ಸಂಬಳ ಇಲ್ಲದ ಮೇಲೆ ಅಂಗಡಿ ಕಾಯಿ ಎಂದು ಯಾರಿಗೆ ಹೇಳುವುದು?

4. ರಚನೆ, ನಾಯಕತ್ವದ ರೀತಿ, ಮೌಲ್ಯ. ಚೆನ್ನೈ ಅಡುಗೆಮನೆಯ ಪಟ್ಟಿ ದೆಹಲಿಗೆ ಹೊಂದುವುದಿಲ್ಲ. ಅಕ್ಕಿಯೇ ಬೇರೆ, ಎಣ್ಣೆಯೇ ಬೇರೆ. ಖರೀದಿಯ ಅಧಿಕಾರ ಆಯಾ ಪ್ರದೇಶದಲ್ಲಿ ಇರಬೇಕು. ಉಳಿದೆರಡರ ಬಗ್ಗೆ ಪ್ರಶ್ನೆಯ ಜೊತೆ ಕೊಟ್ಟ ಪ್ರಕರಣದಲ್ಲಿ ಮಾಹಿತಿ ಕಡಿಮೆ, ಆದ್ದರಿಂದ ಸುಮ್ನೆ ಊಹಿಸುವುದಿಲ್ಲ.

ಹೋಲಿಕೆ: 2002ರಲ್ಲಿ ಶುರುವಾದ ಡಿ-ಮಾರ್ಟ್ ಕೂಡ ಕಡಿಮೆ ಬೆಲೆಯದೇ. 2017ರ ಮಾರ್ಚ್‌ನಲ್ಲಿ ಅದರ ಅಂಗಡಿಗಳು 131 ಮಾತ್ರ. ತಂತ್ರ ಒಂದೇ, ನಡಿಗೆ ಬೇರೆ.

ನನ್ನ ಸಲಹೆ: ಮೊದಲ ತಿಂಗಳಲ್ಲೇ ತಮಿಳುನಾಡು ಮತ್ತು ಗಟ್ಟಿಯಾಗಿರುವ ಕೆಲವು ನಗರ ಬಿಟ್ಟು ಉಳಿದ ಕಡೆ ಬಾಗಿಲು ಹಾಕಬೇಕು. ಅಲ್ಲಿನ ಮಾಲನ್ನು ಉಳಿಯುವ ಅಂಗಡಿಗಳಿಗೆ ತಂದು ರ‍್ಯಾಕ್ ತುಂಬಬೇಕು. ಬಾಡಿಗೆ ಮುಂಗಡ ವಾಪಸ್ ಪಡೆದು ಸಂಬಳ ಬಾಕಿ ತೀರಿಸಬೇಕು. ಬ್ಯಾಂಕುಗಳ ಜೊತೆ ಕೂತು ಸಾಲದ ಒಂದು ಭಾಗವನ್ನು ಷೇರಿಗೆ ಬದಲಿಸಬೇಕು. ಇದು ಮಾಲೀಕರಿಗೆ ನೋವಿನ ಮಾತು, ಅವರ ಪಾಲು ಇಳಿಯುತ್ತದೆ. ಆದರೂ ಬಡ್ಡಿ ಇಳಿಯಲು ಬೇರೆ ದಾರಿ ಕಾಣುವುದಿಲ್ಲ.

ದಿನದ ಗಲ್ಲಾದಿಂದ ಮೊದಲ ಪಾಲು ಬೇಳೆ, ಅಕ್ಕಿ, ಎಣ್ಣೆ, ಸೋಪು ಕೊಡುವ ಡಿಸ್ಟ್ರಿಬ್ಯೂಟರ್‌ಗಳಿಗೆ ಹೋಗಬೇಕು, ಅದೂ ಅದೇ ಸಂಜೆ. ಈ ನಾಲ್ಕು ಸಾಲು 90 ದಿನ ಒಂದು ದಿನವೂ ಖಾಲಿಯಾಗದೆ ನಿಂತ ಮೇಲೆ ಮಾತ್ರ ಮೊಬೈಲ್ ಮಾರಾಟದ ಬಗ್ಗೆ ಮತ್ತೆ ಯೋಚಿಸಬಹುದು.