ವಿಷಯ: ಜುಲೈ 15 ಮತ್ತು 16ರಂದು ನಾನು ಫೋನಿಗೆ ಸಿಗದೆ ಹೋದದ್ದು ಮತ್ತು ಫೋನ್ ರಿಪೇರಿ ಆಗುವ ದಿನ

ಮೇಡಂ, ನಮಸ್ತೆ.

ನಿನ್ನೆ ರಾತ್ರಿ ಡಿಪೊದಿಂದ ನಿಮ್ಮ ನಂಬರ್ ತೆಗೆದುಕೊಂಡು ಫೋನ್ ಮಾಡಿದಾಗ, "ಏನಾಯಿತು, ಯಾವತ್ತಿಗೆ ಸರಿ ಹೋಗುತ್ತೆ, ಎಲ್ಲ ಬರೆದು ಕಳಿಸಿ" ಎಂದಿರಿ. ನನ್ನ ಮೇಲ್ ಇನ್ನೂ ತೆರೆಯುತ್ತಿಲ್ಲ. ಅದಕ್ಕೇ ಇದನ್ನು ಶಿವಮೊಗ್ಗ ಡಿಪೊದ ಕಂಪ್ಯೂಟರಿನಲ್ಲಿ, ಡಿಪೊ ಐಡಿಯಿಂದ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದ ವಿಷಯ. ನನ್ನ ಹಳೆಯ ನಂಬರ್ ಬುಧವಾರ ಸಂಜೆ 6.30ರಿಂದ ಕೆಲಸ ಮಾಡುತ್ತಿದೆ, ಕರೆ ಮಾಡಿದರೆ ಸಿಗುತ್ತೇನೆ. ಫೋನ್ ರಿಪೇರಿಯಾಗಿ ಕೈಗೆ ಬರುವುದು ಮಂಗಳವಾರ, ಜುಲೈ 22ಕ್ಕೆ. ತುಮರಿ ಸೊಸೈಟಿಗೆ ಹೋಗಬೇಕಿದ್ದ ಮೈಲುತುತ್ತದ ಲೋಡ್ ನಾಳೆ ಶುಕ್ರವಾರ ಬೆಳಿಗ್ಗೆ ಹೊರಡುತ್ತದೆ.

ಈಗ ನಡೆದದ್ದು. ಸೋಮವಾರ ಸಿಗಂದೂರು ಸೇತುವೆ ಉದ್ಘಾಟನೆ ಇತ್ತಲ್ಲ, ಆ ರಸ್ತೆಯಲ್ಲಿ ವಾಹನ ಜಾಸ್ತಿ ಇರುತ್ತದೆ ಅಂತ ತುಮರಿ ಭೇಟಿಯನ್ನು ಮಂಗಳವಾರಕ್ಕೆ ಇಟ್ಟುಕೊಂಡು ತಾಳಗುಪ್ಪ ಕಡೆ ಹೋಗಿದ್ದೆ. ಸಂಜೆ ನಾಲ್ಕೂವರೆಗೆ ವಾಪಸ್ ಬರುವಾಗ ಜೋರು ಮಳೆ. ಫೋನ್ ರೇನ್‌ಕೋಟಿನ ಒಳಜೇಬಿನಲ್ಲೇ ಇತ್ತು. ಆ ಜೇಬಿನ ಹೊಲಿಗೆ ಬಿಚ್ಚಿತ್ತು, ನಾನು ನೋಡಿರಲಿಲ್ಲ. ಸಾಗರದ ಲಾಡ್ಜಿಗೆ ಬಂದು ತೆಗೆದಾಗ ಫೋನ್ ಒದ್ದೆ, ಆದರೆ ಸ್ಕ್ರೀನ್ ಹತ್ತುತ್ತಿತ್ತು. ಬ್ಯಾಟರಿ 9% ಇತ್ತು. ಒರೆಸಿ ಚಾರ್ಜಿಗೆ ಹಾಕಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ನೀರು ಹೋದ ಫೋನಿಗೆ ಕರೆಂಟ್ ಕೊಡಬಾರದು, ಅದು ಗೊತ್ತಿದ್ದ ವಿಷಯವೇ. ಆದರೂ ನಿಮಗೆ ದಿನದ ವರದಿ ಕಳಿಸುವ ಅವಸರದಲ್ಲಿ ಹಾಕಿದೆ. ಹತ್ತು ನಿಮಿಷದಲ್ಲಿ ಹಿಂಭಾಗ ಬಿಸಿಯಾಗಿ ಫೋನ್ ಆಫ್ ಆಯಿತು. ಮತ್ತೆ ಹತ್ತಲಿಲ್ಲ. ಲಾಡ್ಜಿನ ಯಜಮಾನರು ಪ್ರೀತಿಯಿಂದ ಒಂದು ಡಬ್ಬಿ ಅಕ್ಕಿ ತಂದುಕೊಟ್ಟು, ರಾತ್ರಿಯಿಡೀ ಅದರಲ್ಲಿ ಹುಗಿದಿಡಿ ಎಂದರು. ಇಟ್ಟೆ. ಬೆಳಿಗ್ಗೆ ಚಾರ್ಜಿಂಗ್ ತೂತಿನಲ್ಲಿ ಅಕ್ಕಿ ಪುಡಿ ಸೇರಿಕೊಂಡಿತ್ತು, ಅಷ್ಟೇ ಬಂದ ಭಾಗ್ಯ.

"ಸಿಮ್ ತೆಗೆದು ಬೇರೆ ಫೋನಿಗೆ ಹಾಕಬಹುದಿತ್ತಲ್ಲ" ಎಂದು ನೀವು ಕೇಳಿದ್ದಿರಿ. ನನ್ನದು ಇ-ಸಿಮ್ ಮೇಡಂ. ತೆಗೆಯಲು ಕಾರ್ಡೇ ಇಲ್ಲ. ಫೋನ್ ಸತ್ತರೆ ಸಿಮ್ಮೂ ಅದರ ಜೊತೆಗೇ ಸತ್ತ ಹಾಗೆ. ಕಾರ್ಡ್ ಸಿಮ್ ಬೇಕೆಂದರೆ ಅಂಗಡಿಗೆ ಆಧಾರ್ ಹಿಡಿದು ಹೋಗಿ ಹೆಬ್ಬೆಟ್ಟು ಕೊಟ್ಟು ಹೊಸದಾಗಿ ಮಾಡಿಸಬೇಕು.

ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಸಾಗರದ ಒಂದು ಮೊಬೈಲ್ ಅಂಗಡಿಯಲ್ಲಿ ಫೋನ್ ಬಿಚ್ಚಿಸಿದೆ. ಚಾರ್ಜಿಂಗ್ ಬೋರ್ಡಿನ ಮೇಲೆ ಹಸಿರು ಕಟ್ಟಿತ್ತು, ಬ್ಯಾಟರಿ ಸ್ವಲ್ಪ ಉಬ್ಬಿತ್ತು. ಹುಡುಗ ಸ್ಪಿರಿಟ್‌ನಲ್ಲಿ ತೊಳೆದು ನೋಡಿದ, ಹತ್ತಲಿಲ್ಲ. "ಇದಕ್ಕೆ ನಾನು ಕೈ ಹಾಕಿದರೆ ಡೇಟಾ ಹೋಗಬಹುದು, ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಕೊಡಿ" ಎಂದ. ದುಡ್ಡೂ ತೆಗೆದುಕೊಳ್ಳಲಿಲ್ಲ.

ಇಲ್ಲಿಂದ ಮುಂದೆ ಆದದ್ದಕ್ಕೆ ಫೋನನ್ನು ದೂರುವ ಹಾಗಿಲ್ಲ. ಹನ್ನೊಂದಕ್ಕೆ ಲೋಡ್ ಬರುತ್ತದೆ, ಸೊಸೈಟಿಯವರು ಕಾಯುತ್ತಿರುತ್ತಾರೆ ಅಂತ ನಾನು ಬೈಕಿನಲ್ಲಿ ನೇರ ತುಮರಿಗೆ ಹೋದೆ. ಲಾಂಚ್ ಕಾಯುವ ಕೆಲಸ ಇಲ್ಲದೆ ಸೇತುವೆ ಮೇಲೆ ದಾಟಿದ್ದು ಅದೇ ಮೊದಲು. ಬೇಗ ತಲುಪಿದೆ ಅಂತ ಖುಷಿಯೂ ಆಯಿತು. ಆದರೆ ಚಾಲಕರು ಹೊಸಬರು. ಚಲನ್‌ನಲ್ಲಿ ಸೊಸೈಟಿಯ ಹೆಸರು ಮತ್ತು ನನ್ನ ನಂಬರ್ ಬಿಟ್ಟರೆ ಬೇರೇನೂ ಇರಲಿಲ್ಲ. ಸಾಗರಕ್ಕೆ ಬಂದು ನನಗೆ ಫೋನ್ ಮಾಡಬೇಕು, ನಾನು ದಾರಿ ಹೇಳಬೇಕು, ಇದು ನಾವು ಮಾಡಿಕೊಂಡಿದ್ದ ಏರ್ಪಾಡು. ಅವರು ಸಾಗರದಲ್ಲಿ ಮಧ್ಯಾಹ್ನ ಎರಡೂವರೆವರೆಗೆ ಫೋನ್ ಮಾಡುತ್ತಾ ಕೂತು, ಕೊನೆಗೆ 60 ಚೀಲವನ್ನೂ ಹೊತ್ತುಕೊಂಡು ಡಿಪೊಗೆ ವಾಪಸ್ ಹೋದರು. ಅದೇ ಹೊತ್ತಿಗೆ ನಾನು ಸೊಸೈಟಿ ಜಗಲಿಯಲ್ಲಿ ಕೂತು ಲಾರಿ ಯಾಕೆ ಬರಲಿಲ್ಲ ಅಂತ ರಸ್ತೆ ನೋಡುತ್ತಿದ್ದೆ.

ಸೊಸೈಟಿಯ ಕಾರ್ಯದರ್ಶಿಗಳ ಬಳಿ ಫೋನ್ ಇತ್ತು. ಕೇಳಿದ್ದರೆ ಕೊಡುತ್ತಿದ್ದರು. ನಿಮ್ಮ ನಂಬರ್ ನನಗೆ ಬಾಯಿಪಾಠ ಇರಲಿಲ್ಲ, ಅದು ನಿಜ. ನನಗೆ ಬಾಯಿಗೆ ಬರುವುದು ನಮ್ಮ ಅಮ್ಮನ ನಂಬರ್ ಒಂದೇ. ಆದರೆ ಡಿಪೊದ ನಂಬರ್ ಅಲ್ಲೇ ಗೋಡೆಗೆ ಹಾಕಿದ್ದ ನಮ್ಮ ಕ್ಯಾಲೆಂಡರಿನ ಮೇಲೆ ಅಚ್ಚಾಗಿತ್ತು. ಅದು ಹೊಳೆದದ್ದು ಸಂಜೆ ವಾಪಸ್ ಬರುವಾಗ. ಅಲ್ಲಿಯವರೆಗೆ "ಈ ಕಡೆ ನೆಟ್‌ವರ್ಕ್ ಕಡಿಮೆ ಅಂತ ಮೇಡಂಗೆ ಗೊತ್ತು, ಸಂಜೆ ಹೇಗಾದರೂ ತಿಳಿಸಿದರಾಯಿತು" ಅಂದುಕೊಂಡು ಸುಮ್ಮನಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಕರೆ ಮಾಡಿದ್ದರೆ ಲಾರಿ ವಾಪಸ್ ಹೋಗುತ್ತಿರಲಿಲ್ಲ. ಇದು ನನ್ನದೇ ತಪ್ಪು. ಕ್ಷಮೆ ಕೇಳುತ್ತೇನೆ.

ಬುಧವಾರವೂ ಕೆಲಸದ ಕ್ರಮ ಹಿಂದುಮುಂದಾಯಿತು. ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದೆ. ಮೊದಲು ಡಿಪೊಗೆ ಬಂದು ಮುಖ ತೋರಿಸಿ ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಬೇಕಿತ್ತು. ಫೋನ್ ಬೇಗ ಕೊಟ್ಟರೆ ಬೇಗ ಸಿಗುತ್ತೆ ಅಂತ ನಾನು ಮೊದಲು ಅಲ್ಲಿ ಟೋಕನ್ ತೆಗೆದುಕೊಂಡು ಕೂತೆ. ಜಾಬ್ ಶೀಟ್ ಆಗುವಾಗ 11.40. ಬಿಚ್ಚಿ ನೋಡಿ ಖರ್ಚು ಹೇಳಿದ್ದು ಮೂರು ಗಂಟೆಗೆ. ಮಧ್ಯೆ ಹೋಗಿ ಕಾರ್ಡ್ ಸಿಮ್‌ಗೆ ಅರ್ಜಿ ಕೊಟ್ಟು ಬಂದೆ. ಡಿಪೊಗೆ ಬಂದಾಗ ಐದೂವರೆ. "ಎಲ್ಲಿ ಹೋಗಿದ್ರಿ ಮಾರಾಯ್ರೆ, ಮೇಡಂ ಆರು ಸಲ ಫೋನ್ ಮಾಡಿದ್ರು" ಎಂದರು. ಭಾವನ ಹಳೆಯ ಫೋನಿಗೆ ಹೊಸ ಸಿಮ್ ಹಾಕಿದೆ. 6.30ಕ್ಕೆ ಚಾಲೂ ಆಯಿತು. ಆಮೇಲೆ ನಿಮಗೆ ಕರೆ ಮಾಡಿದ್ದು.

ಇನ್ನೊಂದು ತೊಡಕು ಬಾಕಿ ಇದೆ. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಯಾರಾದರೂ ನಮ್ಮ ಹೆಸರಲ್ಲಿ ಸಿಮ್ ಮಾಡಿಸಿ ಓಟಿಪಿ ಕದಿಯದಿರಲಿ ಎಂದು ಇರುವ ನಿಯಮ. ನಿಯಮ ಒಳ್ಳೆಯದೇ. ಆದರೆ ಇವತ್ತು ಸಂಜೆ 6.30ರವರೆಗೆ ಕಂಪನಿ ಮೇಲ್, ವಾಟ್ಸಾಪ್, ಯುಪಿಐ, ಆರ್ಡರ್ ಆ್ಯಪ್ ಯಾವುದಕ್ಕೂ ಓಟಿಪಿ ಬರುವುದಿಲ್ಲ. ಹಾಗಾಗಿ ಸಂಜೆವರೆಗೆ ಗ್ರೂಪಿನಲ್ಲಿ ಹಾಕಿದ್ದು ನನಗೆ ಕಾಣುವುದಿಲ್ಲ. ದಯವಿಟ್ಟು ನೇರ ಕರೆ ಮಾಡಿ. ನಂಬರ್‌ಗಳೆಲ್ಲ ಸತ್ತ ಫೋನಿನಲ್ಲೇ ಇವೆ, ನಿಮ್ಮ ನಂಬರ್ ಈಗ ಸೇವ್ ಮಾಡಿಕೊಂಡಿದ್ದೇನೆ.

ಸರ್ವಿಸ್ ಸೆಂಟರಿನವರು ಹೇಳಿದ ದಿನಗಳು ಹೀಗಿವೆ:

ಜುಲೈ 17, ಗುರುವಾರ (ಇವತ್ತು): ಮುಂಗಡ ಕಟ್ಟಿದ್ದೇನೆ. ಚಾರ್ಜಿಂಗ್ ಬೋರ್ಡ್ ಮತ್ತು ಬ್ಯಾಟರಿ ಬೆಂಗಳೂರಿನಿಂದ ಬರಬೇಕು, ಆರ್ಡರ್ ಹೋಗಿದೆ.
ಜುಲೈ 19, ಶನಿವಾರ: ಸಂಜೆಯೊಳಗೆ ಸಾಮಾನು ಬರುತ್ತದೆ. ಭಾನುವಾರ ರಜೆ.
ಜುಲೈ 21, ಸೋಮವಾರ: ಜೋಡಿಸಿ, ಒಂದು ದಿನ ಚಾರ್ಜಿಗೆ ಇಟ್ಟು ನೋಡುತ್ತಾರೆ.
ಜುಲೈ 22, ಮಂಗಳವಾರ: ಬೆಳಿಗ್ಗೆ 11ಕ್ಕೆ ನಾನು ಹೋಗಿ ತರುತ್ತೇನೆ.

ಖರ್ಚು 4,350 ರೂಪಾಯಿ. ನೀರಿನಿಂದ ಕೆಟ್ಟದ್ದಕ್ಕೆ ವಾರಂಟಿ ಇಲ್ಲ. ಫೋನ್ ನನ್ನದು, ಖರ್ಚೂ ನನ್ನದೇ, ಇದನ್ನು ಬಿಲ್‌ಗೆ ಹಾಕುವುದಿಲ್ಲ. ಬೋರ್ಡ್ ಜೋಡಿಸಿದ ಮೇಲೂ ಹತ್ತದಿದ್ದರೆ ಮದರ್‌ಬೋರ್ಡ್ ಹೋಗಿದೆ ಅಂತ ಅರ್ಥ. ಆಗ ಸೋಮವಾರ ಸಂಜೆಯೇ ತಿಳಿಸುತ್ತಾರೆ. ಹಾಗಾದರೆ ನಾನು ರಿಪೇರಿಗೆ ಕಾಯದೆ ಮಂಗಳವಾರವೇ ಬೇರೆ ಫೋನ್ ತೆಗೆದುಕೊಳ್ಳುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, 22ರ ಸಂಜೆಯಿಂದ ಮೊದಲಿನ ಹಾಗೆ ಎಲ್ಲ ಆ್ಯಪ್‌ನಲ್ಲೂ ಸಿಗುತ್ತೇನೆ. ಅಲ್ಲಿಯವರೆಗೆ ಭಾವನ ಫೋನ್ ನನ್ನ ಬಳಿಯೇ ಇರುತ್ತದೆ. ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ, ಪವರ್ ಬ್ಯಾಂಕ್ ಜೊತೆಗೆ ಇಟ್ಟುಕೊಂಡಿದ್ದೇನೆ.

ಕೊಳೆ ರೋಗ ಬಂದ ತೋಟಗಳ ಫೋಟೊಗಳು ಆ ಫೋನಿನಲ್ಲಿವೆ. 14 ರೈತರದ್ದು. ಸೋಮವಾರ ತಾಳಗುಪ್ಪ ಕಡೆ ನೆಟ್ ಇಲ್ಲದ್ದರಿಂದ ಅಪ್‌ಲೋಡ್ ಆಗಿರಲಿಲ್ಲ. ಜಾಬ್ ಶೀಟಿನಲ್ಲಿ "ರೀಸೆಟ್ ಮಾಡಬಾರದು, ಡೇಟಾ ಉಳಿಸಬೇಕು" ಅಂತ ಬರೆಸಿದ್ದೇನೆ. ಆದರೂ ಸಿಕ್ಕೇ ಸಿಗುತ್ತದೆ ಅಂತ ಅವರು ಮಾತು ಕೊಡಲಿಲ್ಲ. ರೈತರ ಹೆಸರು, ಎಕರೆ, ಎಷ್ಟು ಮರಕ್ಕೆ ಕೊಳೆ ಹತ್ತಿದೆ ಎಂಬುದು ನೋಟ್‌ಬುಕ್ಕಿನಲ್ಲಿದೆ. ಅದನ್ನು ಇಂದು ಇಲ್ಲೇ ಕೂತು ಟೈಪ್ ಮಾಡಿ ಕಳಿಸುತ್ತೇನೆ. ಫೋಟೊ ಹೋದರೆ ಮುಂದಿನ ವಾರ ಮತ್ತೆ ಹೋಗಿ ತೆಗೆಯುತ್ತೇನೆ.

ತುಮರಿ ಲೋಡಿನ ಬಗ್ಗೆ. ಶುಕ್ರವಾರ ಬೆಳಿಗ್ಗೆ 5.30ಕ್ಕೆ ಲಾರಿ ಡಿಪೊದಿಂದ ಹೊರಡುತ್ತದೆ. ಈ ಸಲ ನಾನು ಬೈಕ್ ಬಿಟ್ಟು ಅದರಲ್ಲೇ ಚಾಲಕರ ಪಕ್ಕ ಕೂತು ಹೋಗುತ್ತೇನೆ. ಸೊಸೈಟಿ ಕಾರ್ಯದರ್ಶಿಗಳಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಬೇಸರದಲ್ಲಿದ್ದಾರೆ. ಮೊದಲ ಔಷಧಿ ಹೊಡೆದು 45 ದಿನ ಆಗುತ್ತಾ ಬಂತು, ಎರಡನೆಯದಕ್ಕೆ ಇದೇ ಸಮಯ. ಬುಧವಾರ ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತ್ತು. ಮೂವರು ಸದಸ್ಯರು ಕೊನೆಗಾರರನ್ನು ಕರೆಸಿ, ಸುಣ್ಣ ನೆನೆಸಿ ತಯಾರಾಗಿದ್ದರು. ಮೈಲುತುತ್ತ ಇಲ್ಲದೆ ಕೊನೆಗಾರರು ಬೇರೆ ತೋಟಕ್ಕೆ ಹೋದರು. ಮತ್ತೆ ಯಾವಾಗ ಸಿಗುತ್ತಾರೋ. ನೀವೂ ಕಾರ್ಯದರ್ಶಿಗಳ ಜೊತೆ ಒಂದು ಮಾತು ಆಡಿದರೆ ಒಳ್ಳೆಯದು. ನನ್ನ ಮಾತಿಗೆ ಈಗ ಅಷ್ಟು ತೂಕ ಇಲ್ಲ. ಆ ಮೂವರಿಗೆ ಹಣ ಕಟ್ಟಲು ಹದಿನೈದು ದಿನ ಜಾಸ್ತಿ ಕೊಡಬಹುದೇ, ನೋಡಿ.

ಲಾರಿ ಕಾದದ್ದಕ್ಕೆ 1,200 ರೂಪಾಯಿ ಬಿಲ್ ಬಂದಿದೆ. ಅದನ್ನು ನನ್ನ ಟಿಎಯಲ್ಲಿ ಕಡಿತ ಮಾಡಿ, ನನ್ನ ಅಭ್ಯಂತರ ಇಲ್ಲ. ಮಂಗಳವಾರ ಫೀಲ್ಡಿನಲ್ಲೇ ಇದ್ದೆ, ಸೊಸೈಟಿಯ ಭೇಟಿ ಪುಸ್ತಕದಲ್ಲಿ ಸಹಿ ಇದೆ. ಹಾಗಾಗಿ ಆ ದಿನವನ್ನು ಹಾಜರಿ ಎಂದು ಹಿಡಿಯಲು ಕೋರುತ್ತೇನೆ. ಬುಧವಾರ ಪೂರ್ತಿ ನನ್ನ ಸ್ವಂತ ಕೆಲಸದಲ್ಲೇ ಹೋಯಿತು, ಅದಕ್ಕೆ ಒಂದು ದಿನ ರಜೆ ಹಾಕಿಕೊಳ್ಳಿ.

ಒಂದು ಕೇಳಿಕೆ. ಡಿಪೊದ ಬೀರುವಿನಲ್ಲಿ ಹಳೆಯ ಕೀಪ್ಯಾಡ್ ಫೋನ್ ಒಂದು ಸುಮ್ನೆ ಬಿದ್ದಿದೆ. ಮಳೆಗಾಲ ಮುಗಿಯುವವರೆಗೆ ಅದಕ್ಕೊಂದು ಸಿಮ್ ಹಾಕಿ ಫೀಲ್ಡಿಗೆ ಹೋಗುವವರ ಜೊತೆ ಕಳಿಸಬಹುದಾ? ಚಲನ್ ಮೇಲೂ ನನ್ನ ಒಂದೇ ನಂಬರ್ ಬದಲು ಡಿಪೊ ಮತ್ತು ಸೊಸೈಟಿಯ ನಂಬರ್ ಎರಡೂ ಇರಲಿ. ನಾಳೆಯ ಚಲನ್‌ನಲ್ಲಿ ಹಾಗೇ ಬರೆಸಿದ್ದೇನೆ. ನಿಮ್ಮ ನಂಬರ್, ಡಿಪೊ ನಂಬರ್, ಚಾಲಕರ ನಂಬರ್ ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹೊಸ ರೇನ್‌ಕೋಟೂ ತೆಗೆದುಕೊಂಡೆ.

ನಾಳೆ ಲೋಡ್ ಇಳಿದ ತಕ್ಷಣ ಸೊಸೈಟಿಯ ಫೋನಿನಿಂದಲೇ ನಿಮಗೆ ಕರೆ ಮಾಡುತ್ತೇನೆ. ಗೋಡೆಯ ಕ್ಯಾಲೆಂಡರ್ ಅಲ್ಲೇ ಇದೆ.

ಇಂತಿ,
ರಾಘವೇಂದ್ರ
ಕ್ಷೇತ್ರಾಧಿಕಾರಿ, ಸಾಗರ ವಿಭಾಗ
ಗುರುವಾರ, ಜುಲೈ 17, 2025